ಬಿಲ್ ಎಲ್ಲಿ ನಿಂತಿದೆ?

ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ನಡೆಯುವ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಂಪನಿ ಅವರಿಗೆ ಎರಡು ಸಾವಿರ ಉಕ್ಕಿನ ಪಿನ್‌ಗಳಿಗೆ ಆರ್ಡರ್ ಕೊಟ್ಟಿದೆ. ಒಂದಕ್ಕೆ 46 ರೂಪಾಯಿ. ಮಾಲಿನ ಬೆಲೆ 92,000, ಅದರ ಮೇಲೆ ಶೇ. 18ರ ಜಿಎಸ್‌ಟಿ 16,560, ಒಟ್ಟು 1,08,560 ರೂಪಾಯಿ. 2025ರ ಜೂನ್ 2ರಂದು ಬಿಲ್ ಆಯಿತು, ಮರುದಿನ ಟೆಂಪೊದಲ್ಲಿ ಮಾಲು ಹೋಯಿತು. ಖರೀದಿ ಆದೇಶದಲ್ಲಿ ಬಿಲ್ ದಿನಾಂಕದಿಂದ 30 ದಿನದ ಉದ್ರಿ ಎಂದು ಬರೆದಿತ್ತು. ಅಂದರೆ ಜುಲೈ 2ಕ್ಕೆ ಹಣ ಬರಬೇಕು. ಬರಲಿಲ್ಲ. ಇವತ್ತು ಜುಲೈ 16, ವಾಯಿದೆ ಮೀರಿ ಸರಿಯಾಗಿ ಎರಡು ವಾರ.

ಈ ಪಾರ್ಟಿ ಹಳೆಯದು, ಮೋಸ ಮಾಡುವವರಲ್ಲ. ತಡವಾದ ಕಾರಣ ಮಾತ್ರ ಗೊತ್ತಿಲ್ಲ. ಇತ್ತ ಜೂನ್ ತಿಂಗಳ ಮಾರಾಟದ ಜಿಎಸ್‌ಟಿಯನ್ನು, ತಿಂಗಳ ರಿಟರ್ನ್ ಹಾಕುವವರಾದರೆ, ಜುಲೈ 20ರೊಳಗೆ ಸರಕಾರಕ್ಕೆ ಕಟ್ಟಬೇಕು. ಗಿರಾಕಿ ಹಣ ಕೊಟ್ಟನೋ ಇಲ್ಲವೋ ಎಂದು ತೆರಿಗೆ ಇಲಾಖೆ ಕೇಳುವುದಿಲ್ಲ. ಕಬ್ಬಿಣ ಕೊಂಡಾಗ ಕೊಟ್ಟ ತೆರಿಗೆಯನ್ನು ಕಳೆದು ಉಳಿದದ್ದನ್ನು ವರ್ಕ್‌ಶಾಪ್ ತನ್ನ ಜೇಬಿನಿಂದಲೇ ಕಟ್ಟಬೇಕು. ಕೈಗೆ ಬಾರದ ಹಣದ ಮೇಲೆ ತೆರಿಗೆ ಕಟ್ಟುವ ಈ ಸಂಕಟ ಸಣ್ಣ ಉದ್ದಿಮೆದಾರರಿಗೆ ಚೆನ್ನಾಗಿ ಗೊತ್ತು. ಆ ಸಂಕಟದಲ್ಲಿ ಕುಳಿತು ಬರೆದ ಪತ್ರದಲ್ಲಿ ಸಿಟ್ಟು ಇಣುಕುತ್ತದೆ, ಇಲ್ಲವೇ ಗೋಗರೆತ ಇಣುಕುತ್ತದೆ. ಎರಡರಿಂದಲೂ ಹಣ ಬೇಗ ಬರುವುದಿಲ್ಲ.

ಎರಡು ವಾರ ತಡವಾದ ಬಿಲ್ ಬಹುತೇಕ ಸಂದರ್ಭಗಳಲ್ಲಿ ಗಿರಾಕಿಯ ಆಫೀಸಿನ ಯಾವುದೋ ಒಂದು ಮೇಜಿನ ಮೇಲೆ ನಿಂತಿರುತ್ತದೆ. ಕೊಡುವ ಮನಸ್ಸಿಲ್ಲದೆ ನಿಂತದ್ದಲ್ಲ, ಮುಂದಕ್ಕೆ ಹೋಗಲು ಏನೋ ಒಂದು ಕಡಿಮೆಯಾಗಿ ನಿಂತದ್ದು. ಮೊದಲ ನೆನಪೋಲೆಯ ಕೆಲಸ ಆ ಮೇಜು ಯಾವುದು, ಕಡಿಮೆಯಾದದ್ದು ಏನು ಎಂದು ತಿಳಿದುಕೊಳ್ಳುವುದು. ಆದ್ದರಿಂದ ಅದು ಒಂದು ಪ್ರಶ್ನೆಯಂತೆ ಇರಬೇಕು, ಉತ್ತರ ಕೊಡುವವರಿಗೆ ಉತ್ತರ ಸುಲಭವಾಗುವಂತೆ ಇರಬೇಕು. ಅದರ ಸೌಜನ್ಯ ಬರುವುದೂ ಇಲ್ಲಿಂದಲೇ. ಹತ್ತು ಸಲ ‘ದಯವಿಟ್ಟು’ ಬರೆಯುವುದಕ್ಕಿಂತ, ಓದುವವರು ಹಳೆಯ ಫೈಲು ಹುಡುಕಬೇಕಾಗದಂತೆ ಬರೆಯುವುದು ಹೆಚ್ಚಿನ ಮರ್ಯಾದೆ.

ಬರೆಯುವ ಮುಂಚೆ ನಮ್ಮ ಕಡೆಯದನ್ನು ನೋಡಿಕೊಳ್ಳಬೇಕು. ಇದಕ್ಕೆ ಅರ್ಧ ಗಂಟೆ ಸಾಕು, ಆದರೆ ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ.

ಮೊದಲನೆಯದು ಬ್ಯಾಂಕ್ ಪುಸ್ತಕ. ಹಣ ಬಂದಿಲ್ಲ ಎಂದು ಟ್ಯಾಲಿ ತೋರಿಸಿದ ಮಾತ್ರಕ್ಕೆ ಬಂದಿಲ್ಲ ಎಂದು ಅರ್ಥವಲ್ಲ. ಗಿರಾಕಿ ಮೂರು ಬಿಲ್‌ಗಳ ಹಣವನ್ನು ಒಟ್ಟಿಗೆ ಹಾಕಿರಬಹುದು, ಯಾವ ಬಿಲ್‌ಗೆ ಎಷ್ಟು ಎಂದು ತಿಳಿಸದೆ ಇರಬಹುದು. ನಮ್ಮ ಅಕೌಂಟೆಂಟ್ ಅದನ್ನು ಬಿಲ್‌ಗೆ ಹೊಂದಿಸದೆ ‘ಆನ್ ಅಕೌಂಟ್’ ಎಂದು ಜಮಾ ಮಾಡಿಬಿಟ್ಟರೆ, ಪಾರ್ಟಿಯ ಖಾತೆಯಲ್ಲಿ ಹಣ ಇರುತ್ತದೆ, ಬಿಲ್ ಮಾತ್ರ ಬಾಕಿ ಪಟ್ಟಿಯಲ್ಲೇ ಉಳಿಯುತ್ತದೆ. ಹೀಗಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಬಾಕಿ ಇರುವ ಬಿಲ್‌ಗಳ ಒಟ್ಟು ಮೊತ್ತ ಪಾರ್ಟಿಯ ಲೆಡ್ಜರ್ ಬಾಕಿಗಿಂತ ಹೆಚ್ಚಿದ್ದರೆ ಎಲ್ಲೋ ಹೊಂದಿಸದ ಜಮಾ ಇದೆ ಎಂದೇ ಲೆಕ್ಕ. ಕೊಟ್ಟವರಿಗೇ ಕೊಡಿ ಎಂದು ಪತ್ರ ಬರೆದರೆ ಮುಂದಿನ ನಿಜವಾದ ಪತ್ರದ ಬೆಲೆಯೂ ಕಡಿಮೆಯಾಗುತ್ತದೆ.

ಹಣ ಬಂದಿದ್ದು ಸ್ವಲ್ಪ ಕಡಿಮೆ ಬಂದಿದ್ದರೂ ಅವಸರಪಡಬಾರದು. ಗಿರಾಕಿಯೇ ಕಬ್ಬಿಣ ಕೊಟ್ಟು, ನಾವು ಕೂಲಿಗೆ ಯಂತ್ರದ ಕೆಲಸ ಮಾತ್ರ ಮಾಡಿಕೊಡುವ ಜಾಬ್‌ವರ್ಕ್ ಆದರೆ ಅವರು ಟಿಡಿಎಸ್ ಹಿಡಿದು ಕೊಡುತ್ತಾರೆ. ವರ್ಕ್‌ಶಾಪ್ ಒಬ್ಬರ ಸ್ವಂತದ್ದಾದರೆ ಶೇ. 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆದರೆ ಶೇ. 2. ಅದೂ ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ. ಆ ಹಣ ನಮ್ಮ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಸೇರಿರುತ್ತದೆ, ಅದನ್ನು ಬಾಕಿ ಎಂದು ಕೇಳುವಂತಿಲ್ಲ.

ಎರಡನೆಯದು ವಾಯಿದೆ. ನಮ್ಮ ಬಿಲ್ ಮೇಲೆ ‘30 ದಿನ’ ಎಂದು ಮುದ್ರಿಸಿದ್ದು ಒಂದು, ಗಿರಾಕಿಯ ಖರೀದಿ ಆದೇಶದಲ್ಲಿ ಇರುವುದು ಇನ್ನೊಂದು ಆಗಿರಬಹುದು. ಎಷ್ಟೋ ಕಂಪನಿಗಳು ‘ಜಿಆರ್‌ಎನ್ ಆದ ದಿನದಿಂದ 30 ದಿನ’ ಎಂದು ಬರೆಯುತ್ತವೆ. ಅಂದರೆ ಮಾಲು ಸ್ಟೋರ್ಸ್‌ಗೆ ಬಂದು, ಎಣಿಕೆಯಾಗಿ, ಪರೀಕ್ಷೆಯಾಗಿ, ಸ್ವೀಕರಿಸಿದ್ದೇವೆ ಎಂಬ ಚೀಟಿ ಆದ ದಿನದಿಂದ. ಅಲ್ಲಿ ಎಂಟು ದಿನ ಹೋದರೆ ನಮ್ಮ ಲೆಕ್ಕದ ಎರಡು ವಾರದ ತಡ ಅವರ ಲೆಕ್ಕದಲ್ಲಿ ಆರೇ ದಿನ. ಆದ್ದರಿಂದ ಖರೀದಿ ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ದಿನ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಬಿಲ್ ದಿನಾಂಕದಿಂದ ಎಂದು ಸ್ಪಷ್ಟವಾಗಿದೆ, ಹಾಗಾಗಿ ಜುಲೈ 2 ಸರಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ಮಾರಾಟದ ವಿವರವಿರುವ ಜಿಎಸ್‌ಟಿಆರ್-1 ಸಲ್ಲಿಕೆಯಾಗಿದೆಯೇ? ಜೂನ್ ತಿಂಗಳದ್ದು ಜುಲೈ 11ಕ್ಕೆ ಹೋಗಬೇಕು, ಮೂರು ತಿಂಗಳಿಗೊಮ್ಮೆ ಹಾಕುವವರಿಗೆ 13. ಅದರ ಆಧಾರದ ಮೇಲೆ 14ನೇ ತಾರೀಖು ಗಿರಾಕಿಯ ಜಿಎಸ್‌ಟಿಆರ್-2ಬಿ ತಯಾರಾಗುತ್ತದೆ. ನಮ್ಮ ಬಿಲ್ ಅದರಲ್ಲಿ ಕಾಣದಿದ್ದರೆ ಅವರಿಗೆ ಈ 16,560 ರೂಪಾಯಿಯ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಆದ್ದರಿಂದ ಅವರ ಲೆಕ್ಕಪತ್ರ ವಿಭಾಗ ಪೇಮೆಂಟ್ ತಡೆಹಿಡಿಯುತ್ತದೆ. ಜೂನ್ ಆರಂಭದ ಬಿಲ್, 30 ದಿನದ ಉದ್ರಿ, ಎರಡು ವಾರದ ತಡ ಎಂದರೆ ಜುಲೈ ಮಧ್ಯ. ಗಿರಾಕಿಯ ಅಕೌಂಟೆಂಟ್ 2ಬಿ ತೆಗೆದು ಬಿಲ್‌ಗಳಿಗೆ ಗುರುತು ಹಾಕುತ್ತಾ ಕುಳಿತಿರುವ ದಿನಗಳೇ ಇವು. ನಮ್ಮ ರಿಟರ್ನ್ ತಡವಾಗಿದ್ದರೆ ಮೊದಲು ಅದನ್ನು ಸಲ್ಲಿಸಿ, ಆ ವಿಷಯವನ್ನು ಪತ್ರದಲ್ಲಿ ನಾವಾಗಿಯೇ ಹೇಳಬೇಕು.

ನಮ್ಮ ವರ್ಕ್‌ಶಾಪಿನವರು ಇವೆಲ್ಲವನ್ನೂ ನೋಡಿದರು, ಎಲ್ಲವೂ ಸರಿಯಿದೆ. ಈಗ ಪತ್ರ. ಸಾಮಾನ್ಯವಾಗಿ ಬರೆಯುವ ಪತ್ರ ಹೀಗಿರುತ್ತದೆ:

“ಮಾನ್ಯರೇ, ತಮ್ಮಿಂದ ಬರಬೇಕಾದ ಹಣ ಬಹಳ ದಿನಗಳಿಂದ ಬಾಕಿ ಇರುತ್ತದೆ. ಹಲವು ಬಾರಿ ನೆನಪಿಸಿದರೂ ತಾವು ಗಮನ ಕೊಟ್ಟಿರುವುದಿಲ್ಲ. ನಮ್ಮಂಥ ಸಣ್ಣವರಿಗೆ ಇದರಿಂದ ತುಂಬಾ ತೊಂದರೆಯಾಗಿದೆ. ಆದಷ್ಟು ಬೇಗ ಬಾಕಿ ಹಣ ಪಾವತಿಸಬೇಕು, ಇಲ್ಲವಾದರೆ ಮುಂದಿನ ಕ್ರಮ ಕೈಗೊಳ್ಳಬೇಕಾಗುತ್ತದೆ.”

ಇದನ್ನು ಹುಬ್ಬಳ್ಳಿಯ ಆ ಲೆಕ್ಕಪತ್ರ ವಿಭಾಗದ ಹುಡುಗಿ ತೆರೆದು ಓದುತ್ತಾಳೆ ಎಂದುಕೊಳ್ಳಿ. ಅವಳ ಮುಂದೆ ನೂರಾರು ಬಿಲ್‌ಗಳಿವೆ. ಯಾವ ಬಿಲ್, ಎಷ್ಟು ಹಣ, ಯಾವಾಗಿನದು ಎಂದು ಇದರಲ್ಲಿ ಇಲ್ಲ. ಅವಳು ನಮ್ಮ ಹೆಸರು ಹಾಕಿ ಹುಡುಕಬೇಕು, ನಾಲ್ಕೈದು ಬಿಲ್ ಸಿಗುತ್ತವೆ, ಯಾವುದರ ಬಗ್ಗೆ ಕೇಳುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಆಮೇಲೆ ನೋಡೋಣ ಎಂದು ಪಕ್ಕಕ್ಕಿಡುತ್ತಾಳೆ. ‘ಹಲವು ಬಾರಿ ನೆನಪಿಸಿದರೂ’ ಎಂಬ ಮಾತು ಅವಳಿಗೆ ಸಂಬಂಧಿಸಿದ್ದಲ್ಲ. ಮಾಲೀಕರು ಫೋನಿನಲ್ಲಿ ಕೇಳಿದ್ದು ಖರೀದಿ ವಿಭಾಗದವರನ್ನು, ಅವರು ಅದನ್ನು ಇವಳಿಗೆ ಹೇಳಿಯೇ ಇಲ್ಲ. ‘ಆದಷ್ಟು ಬೇಗ’ ಎಂಬುದಕ್ಕೆ ತಾರೀಖಿಲ್ಲ, ಹಾಗಾಗಿ ಅದಕ್ಕೆ ಉತ್ತರವೂ ಬೇಕಿಲ್ಲ. ಕೊನೆಯ ಬೆದರಿಕೆಯಂತೂ ಪತ್ರವನ್ನು ಅವಳ ಕೈಯಿಂದ ಮ್ಯಾನೇಜರ್ ಕೈಗೆ ದಾಟಿಸುತ್ತದೆ. ಮಾತಿನಲ್ಲಿ ಮುಗಿಯುವ ಕೆಲಸ ಅಲ್ಲಿಂದ ಮಾನದ ಪ್ರಶ್ನೆಯಾಗುತ್ತದೆ.

ಅದೇ ಪತ್ರವನ್ನು ಹೀಗೆ ಬರೆಯಬಹುದು:

*ದಿನಾಂಕ: 16-07-2025*

*ಶ್ರೀ/ಶ್ರೀಮತಿ ............ ಅವರಿಗೆ, ಲೆಕ್ಕಪತ್ರ ವಿಭಾಗ*
*ಪ್ರತಿ: ಖರೀದಿ ವಿಭಾಗ*

*ವಿಷಯ: ಬಿಲ್ ಸಂಖ್ಯೆ 47/2025-26, ಮೊತ್ತ ರೂ. 1,08,560, ವಾಯಿದೆ 02-07-2025*

*ಮಾನ್ಯರೇ,*

*ನಮಸ್ಕಾರ. ತಮ್ಮ ಖರೀದಿ ಆದೇಶ ಸಂಖ್ಯೆ 1183ರಂತೆ 2,000 ಉಕ್ಕಿನ ಪಿನ್‌ಗಳನ್ನು ಜೂನ್ 3ರಂದು ತಮ್ಮ ಸ್ಟೋರ್ಸ್‌ಗೆ ತಲುಪಿಸಿದ್ದೇವೆ (ಚಲನ್ ಸಂಖ್ಯೆ 112). ಇದರ ಬಿಲ್ ದಿನಾಂಕ ಜೂನ್ 2. ಒಪ್ಪಿಕೊಂಡ 30 ದಿನಗಳ ಅವಧಿ ಜುಲೈ 2ಕ್ಕೆ ಮುಗಿದಿದ್ದು, ಈ ಬಿಲ್‌ನ ಹಣ ನಮ್ಮ ಖಾತೆಗೆ ಇನ್ನೂ ಜಮಾ ಆಗಿಲ್ಲ. ಕೆಲಸದ ಗಡಿಬಿಡಿಯಲ್ಲಿ ತಪ್ಪಿಹೋಗಿರಬಹುದು ಎಂದು ತಮ್ಮ ಗಮನಕ್ಕೆ ತರುತ್ತಿದ್ದೇವೆ.*

*ಮಾಲಿನ ಬಗ್ಗೆಯಾಗಲಿ ಬಿಲ್ ಬಗ್ಗೆಯಾಗಲಿ ಏನಾದರೂ ತಕರಾರು ಇದ್ದರೆ, ಅಥವಾ ನಮ್ಮಿಂದ ಯಾವುದಾದರೂ ಕಾಗದ ಬರಬೇಕಿದ್ದರೆ ದಯವಿಟ್ಟು ತಿಳಿಸಿ, ಕೂಡಲೇ ಸರಿಪಡಿಸುತ್ತೇವೆ. ಎಲ್ಲ ಸರಿಯಿದ್ದರೆ, ಯಾವ ತಾರೀಖಿಗೆ ಪಾವತಿ ಆಗಬಹುದು ಎಂದು ಜುಲೈ 21, ಸೋಮವಾರದೊಳಗೆ ತಿಳಿಸಬೇಕೆಂದು ಕೋರುತ್ತೇವೆ.*

*ಪಾವತಿ ಈಗಾಗಲೇ ಆಗಿದ್ದರೆ ಯುಟಿಆರ್ ಸಂಖ್ಯೆಯನ್ನು ಕಳುಹಿಸಿ, ನಮ್ಮ ಕಡೆ ಜಮಾ ಮಾಡಿಕೊಳ್ಳುತ್ತೇವೆ. ನಮ್ಮ ಬ್ಯಾಂಕ್ ಖಾತೆ ಬಿಲ್ ಮೇಲೆ ಇರುವುದೇ, ಬದಲಾಗಿಲ್ಲ.*

*ಬಿಲ್ ಮತ್ತು ತಮ್ಮ ಸ್ಟೋರ್ಸ್‌ನವರು ಸಹಿ ಮಾಡಿದ ಚಲನ್‌ನ ಪ್ರತಿ ಲಗತ್ತಿಸಿದೆ.*

*ತಮ್ಮ ವಿಶ್ವಾಸಿ,*
*(ಸಹಿ, ಹೆಸರು, ಮೊಬೈಲ್ ಸಂಖ್ಯೆ, ಉದ್ಯಮ್ ನೋಂದಣಿ ಸಂಖ್ಯೆ)*

ಇದರಲ್ಲಿ ಅಂಥ ಸೊಗಸೇನೂ ಇಲ್ಲ. ಆದರೆ ವಿಷಯದ ಸಾಲನ್ನು ನೋಡಿ. ‘ಪಾವತಿ ನೆನಪೋಲೆ’ ಎಂದು ಬರೆದಿಲ್ಲ, ‘ತುರ್ತು’ ಎಂದೂ ಬರೆದಿಲ್ಲ. ಬಿಲ್ ಸಂಖ್ಯೆ, ಮೊತ್ತ, ವಾಯಿದೆ ಮಾತ್ರ. ಮೇಲ್ ತೆರೆಯುವ ಮುಂಚೆಯೇ ಅವಳು ಆ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಬಹುದು. ಖರೀದಿ ಆದೇಶದ ಸಂಖ್ಯೆ ಮತ್ತು ಚಲನ್ ಸಂಖ್ಯೆ ಯಾಕೆಂದರೆ, ಕಂಪನಿಗಳಲ್ಲಿ ಆದೇಶ, ಮಾಲು ಸ್ವೀಕರಿಸಿದ ಚೀಟಿ, ಬಿಲ್ ಈ ಮೂರೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಹಣ ಹೊರಡುತ್ತದೆ. ಮೂರನ್ನೂ ಹುಡುಕುವ ದಾರಿ ಪತ್ರದಲ್ಲೇ ಇದೆ.

‘ಗಡಿಬಿಡಿಯಲ್ಲಿ ತಪ್ಪಿಹೋಗಿರಬಹುದು’ ಎಂಬ ಮಾತು ಮೊದಲ ಪತ್ರಕ್ಕೆ ಮಾತ್ರ ಸಲ್ಲುವ ಮಾತು. ತಪ್ಪು ಯಾರದೇ ಆಗಿರಲಿ, ಅವರಿಗೆ ಮುಜುಗರವಿಲ್ಲದೆ ಸರಿಪಡಿಸಿಕೊಳ್ಳಲು ಅದು ಬಾಗಿಲು ತೆರೆದಿಡುತ್ತದೆ. ಎರಡನೇ ಪತ್ರದಲ್ಲೂ ಅದನ್ನೇ ಬರೆದರೆ ಸುಳ್ಳಾಗುತ್ತದೆ. ‘ಕ್ಷಮಿಸಿ, ತೊಂದರೆ ಕೊಡುತ್ತಿದ್ದೇವೆ’ ಎಂದು ಮಾತ್ರ ಬರೆಯಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಮಾಲು ಕೊಟ್ಟವರು ಬಿಲ್ ಹಣ ಕೇಳುವುದರಲ್ಲಿ ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಮನೆಯ ಖರ್ಚು, ಮಗಳ ಫೀಸು, ಕೆಲಸಗಾರರ ಪಗಾರದ ಮಾತೂ ಬೇಡ. ಅವು ಕೊಟ್ಟುಕೊಳ್ಳುವ ಕರಾರನ್ನು ದಯೆ ತೋರಿಸುವ ವಿಷಯವನ್ನಾಗಿ ಮಾಡುತ್ತವೆ. ದಯೆ ತೋರಿಸಲು ಅವಸರವೇನೂ ಇರುವುದಿಲ್ಲ.

ಪತ್ರದ ಜೀವ ಇರುವುದು ನಡುವಿನ ಆ ಎರಡು ವಾಕ್ಯಗಳಲ್ಲಿ. ತಕರಾರಿದ್ದರೆ ಏನೆಂದು ತಿಳಿಸಿ, ಇಲ್ಲದಿದ್ದರೆ ತಾರೀಖು ತಿಳಿಸಿ. ಓದುವವರಿಗೆ ಇವೆರಡರಲ್ಲಿ ಒಂದನ್ನು ಬರೆಯುವುದು ಸುಲಭ. ಇಲ್ಲಿ ಕೇಳಿದ್ದು ಹಣವನ್ನಲ್ಲ, ಉತ್ತರವನ್ನು ಎಂಬುದನ್ನೂ ಗಮನಿಸಬೇಕು. ‘21ರೊಳಗೆ ಹಣ ಹಾಕಿ’ ಎಂದರೆ ಅದು ಆ ಗುಮಾಸ್ತೆಯ ಕೈಯಲ್ಲಿರುವುದಿಲ್ಲ. ಆ ಕಂಪನಿ ವಾರಕ್ಕೊಂದು ದಿನ, ಶುಕ್ರವಾರ, ಪೇಮೆಂಟ್ ಬಿಡುತ್ತದೆ ಎಂದಿಟ್ಟುಕೊಳ್ಳಿ. ಸೋಮವಾರದೊಳಗೆ ಉತ್ತರ ಕೊಡುವುದು ಅವಳ ಕೈಯಲ್ಲೇ ಇದೆ, ಆ ಉತ್ತರ ಕೊಡಲು ಅವಳು ಬಿಲ್ ತೆರೆದು ನೋಡಲೇಬೇಕಾಗುತ್ತದೆ. ನಮಗೆ ಬೇಕಾದದ್ದೂ ಅದೇ.

ಬ್ಯಾಂಕ್ ಖಾತೆ ಬದಲಾಗಿಲ್ಲ ಎಂಬ ಸಾಲು ಇತ್ತೀಚಿನ ವರ್ಷಗಳ ಅಗತ್ಯ. ಪೂರೈಕೆದಾರರ ಮೇಲ್ ಖಾತೆಗೆ ಕನ್ನ ಹಾಕಿ, ಅಥವಾ ಒಂದೇ ಅಕ್ಷರ ಬದಲಿಸಿದ ವಿಳಾಸದಿಂದ, ‘ನಮ್ಮ ಖಾತೆ ಬದಲಾಗಿದೆ, ಬಾಕಿಯನ್ನು ಇದಕ್ಕೆ ಹಾಕಿ’ ಎಂದು ಬರೆಯುವ ವಂಚನೆ ನಮ್ಮಲ್ಲೂ ಇದೆ. ಅದಕ್ಕೆ ವಂಚಕರು ಹಾಕಿಕೊಳ್ಳುವ ವೇಷ ಇಂಥ ನೆನಪೋಲೆಯದೇ. ಆದ್ದರಿಂದ ಖಾತೆ ನಿಜವಾಗಿ ಬದಲಾಗಿದ್ದರೂ ಆ ವಿಷಯವನ್ನು ನೆನಪೋಲೆಯಲ್ಲಿ ಸೇರಿಸಬಾರದು. ಬೇರೆ ಪತ್ರ ಬರೆದು, ಪರಿಚಯದ ನಂಬರಿಗೆ ಫೋನ್ ಮಾಡಿ ಖಚಿತಪಡಿಸಬೇಕು. ಇಲ್ಲದಿದ್ದರೆ ಎಚ್ಚರದ ಅಕೌಂಟೆಂಟ್ ಪೇಮೆಂಟ್ ನಿಲ್ಲಿಸುತ್ತಾರೆ, ಅವರು ನಿಲ್ಲಿಸುವುದೇ ಸರಿ.

ಸಹಿಯ ಕೆಳಗಿನ ಉದ್ಯಮ್ ಸಂಖ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಕಾನೂನಿನ ಪ್ರಶ್ನೆ ಅಲ್ಲಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಗಿರಾಕಿ ಲಿಖಿತವಾಗಿ ಒಪ್ಪಿದ ತಾರೀಖಿನೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2025ರ ಜುಲೈನಲ್ಲಿ ಬ್ಯಾಂಕ್ ದರ ಶೇ. 5.75 ಇತ್ತು, ಮೂರು ಪಟ್ಟು ಎಂದರೆ 17.25. ಕೇಳಲು ಭಾರಿ ಆಯುಧ. ಹಾಗಾದರೆ ಅದನ್ನು ಮೊದಲ ಪತ್ರದಲ್ಲೇ ಯಾಕೆ ಬರೆಯಬಾರದು?

ಲೆಕ್ಕ ಹಾಕಿ ನೋಡೋಣ. 1,08,560 ರೂಪಾಯಿಗೆ ಆ ದರದಲ್ಲಿ 14 ದಿನದ ಬಡ್ಡಿ ಸುಮಾರು 718 ರೂಪಾಯಿ. ಇಷ್ಟಕ್ಕಾಗಿ ವರ್ಷಗಳ ಪಾರ್ಟಿಗೆ ಕಾಯ್ದೆಯ ಹೆಸರು ಹೇಳಬೇಕೇ ಎಂಬುದು ಒಂದು ಪ್ರಶ್ನೆ. ಇನ್ನೊಂದು, ತಡಕ್ಕೆ ಕಾರಣ ಏನೆಂದು ನಮಗಿನ್ನೂ ಗೊತ್ತಿಲ್ಲ. ಕಾರಣ ನಮ್ಮ ಕಡೆಯೇ ಇದ್ದರೆ ಕಾಯ್ದೆಯ ಲೆಕ್ಕವೇ ಬದಲಾಗಬಹುದು. ಹಾಗಾಗಿ ಉದ್ಯಮ್ ಸಂಖ್ಯೆ ಬಿಲ್ ಮೇಲೂ ಪತ್ರದ ಮೇಲೂ ಸುಮ್ಮನೆ ಇರಲಿ. ಲೆಕ್ಕಪತ್ರ ಬಲ್ಲವರಿಗೆ ಅದರ ಅರ್ಥ ಗೊತ್ತು. ಸಣ್ಣ ಉದ್ದಿಮೆಗೆ ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಹಣ ಕೊಡುವವರೆಗೆ ಖರ್ಚೆಂದು ತೋರಿಸಲಾಗದು ಎಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ತಂದಿದೆ. ಆದರೆ ಅದೇ ಆರ್ಥಿಕ ವರ್ಷದೊಳಗೆ ಕೊಟ್ಟರೆ ಅದರಿಂದ ಗಿರಾಕಿಗೆ ನಷ್ಟವಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಈ ನಿಯಮಕ್ಕೆ ತೂಕ ಬರುತ್ತದೆ, ಜುಲೈನಲ್ಲಿ ಅದನ್ನು ಎತ್ತಿದರೆ ಬಲ್ಲವರ ಮುಂದೆ ನಮ್ಮ ಮಾತೇ ಹಗುರಾಗುತ್ತದೆ.

ಪತ್ರ ಕಳುಹಿಸುವುದು ಮೇಲ್‌ನಲ್ಲೇ. ಲೆಕ್ಕಪತ್ರ ವಿಭಾಗಕ್ಕೆ ನೇರವಾಗಿ, ಖರೀದಿ ವಿಭಾಗಕ್ಕೆ ಪ್ರತಿ. ಬರೀ ವಾಟ್ಸ್ಯಾಪ್ ಮಾಡಿದರೆ ಆ ಒಬ್ಬರ ಫೋನಿನಲ್ಲೇ ಉಳಿಯುತ್ತದೆ, ಅವರು ರಜೆ ಹಾಕಿದರೆ ಪತ್ರವೂ ರಜೆ. ಮೇಲ್ ಕಳುಹಿಸಿದ ಮೇಲೆ ‘ಬಿಲ್ 47ರ ಬಗ್ಗೆ ಮೇಲ್ ಮಾಡಿದ್ದೇವೆ’ ಎಂದು ವಾಟ್ಸ್ಯಾಪ್‌ನಲ್ಲಿ ಒಂದು ಸಾಲು ಹಾಕಬಹುದು. ಎರಡು ದಿನ ಬಿಟ್ಟು ಒಂದು ಫೋನ್. ಅದರಲ್ಲೂ ಹಣದ ಮಾತಿಗಿಂತ ಮೊದಲು ಕಾಗದದ ಮಾತು ಬರಲಿ: “ನಮಸ್ಕಾರ್ರೀ ಮೇಡಂ. ಬುಧವಾರ ಒಂದು ಮೇಲ್ ಹಾಕಿದ್ವಿರಿ, ಬಿಲ್ ನಂಬರ್ ನಲವತ್ತೇಳು. ಅದು ನಿಮಗ ಮುಟ್ಟೇತೋ ಇಲ್ಲೋ ಅಂತ ಕೇಳಾಕ ಫೋನ್ ಮಾಡಿದೆ.” ಇದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಉತ್ತರಕ್ಕಾಗಿ ಅವರು ಬಿಲ್ ತೆರೆಯುತ್ತಾರೆ.

ನಮ್ಮ ಕಥೆಯಲ್ಲಿ ಹಾಗೇ ಆಯಿತು. ಜುಲೈ 18ರ ಶುಕ್ರವಾರ ಉತ್ತರ ಬಂತು. ಎರಡು ಸಾವಿರದಲ್ಲಿ 40 ಪಿನ್‌ಗಳು ಪರೀಕ್ಷೆಯಲ್ಲಿ ನಪಾಸಾಗಿದ್ದವು. 20 ಮಿಲಿಮೀಟರ್ ಇರಬೇಕಾದ ವ್ಯಾಸ 19.9ಕ್ಕೆ ಇಳಿದಿತ್ತು. ಜೂನ್ 9ರಂದೇ ರಿಜೆಕ್ಷನ್ ನೋಟ್ ಬರೆದು, ಅವತ್ತು ಬೇರೆ ಮಾಲು ತಂದಿದ್ದ ಟೆಂಪೊ ಚಾಲಕನ ಕೈಗೆ ಕೊಟ್ಟಿದ್ದರು. ಆ ಚೀಟಿ ಬೆಳಗಾವಿಯ ಆಫೀಸಿಗೆ ಬರಲೇ ಇಲ್ಲ. ಅವರ ಕಂಪ್ಯೂಟರಿನಲ್ಲಿ ಸ್ವೀಕರಿಸಿದ್ದು 1,960, ನಮ್ಮ ಬಿಲ್‌ನಲ್ಲಿ 2,000. ತಾಳೆಯಾಗದ ಬಿಲ್ ಹೋಲ್ಡ್‌ಗೆ ಹೋಯಿತು. ಕ್ರೆಡಿಟ್ ನೋಟ್ ಬರುತ್ತದೆ ಎಂದು ಅವರು ಕಾದರು, ಹಣ ಬರುತ್ತದೆ ಎಂದು ಇವರು ಕಾದರು.

ಈಗ ಬೆದರಿಕೆಯ ಆ ಪತ್ರ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಮಾಲು ತಲುಪಿದ 15 ದಿನದೊಳಗೆ ಗಿರಾಕಿ ಲಿಖಿತವಾಗಿ ಆಕ್ಷೇಪಿಸಿದರೆ, ಪೂರೈಕೆದಾರ ಆ ಆಕ್ಷೇಪವನ್ನು ಪರಿಹರಿಸಿದ ದಿನವನ್ನೇ ಸ್ವೀಕಾರದ ದಿನ ಎಂದು ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಜೂನ್ 3ರಿಂದ 9ಕ್ಕೆ ಆರೇ ದಿನ. ಅಂದರೆ ಯಾವ ಕಾಯ್ದೆಯನ್ನು ಬೀಸಲು ಹೊರಟಿದ್ದರೋ ಅದೇ ಕಾಯ್ದೆಯಲ್ಲಿ ಗಿರಾಕಿಗೆ ಒಳ್ಳೆಯ ಉತ್ತರವಿತ್ತು. ತಕರಾರು ಇದ್ದರೆ ತಿಳಿಸಿ ಎಂದು ಕೇಳಿದ್ದರಿಂದ ಅದು ತಕರಾರಾಗದೆ ಒಂದು ಕಾಗದದ ಕೆಲಸವಾಗಿ ಮುಗಿಯಿತು.

ಅವತ್ತೇ ಕ್ರೆಡಿಟ್ ನೋಟ್ ಆಯಿತು. 40 ಪಿನ್‌ಗೆ 1,840 ರೂಪಾಯಿ, ಅದರ ಜಿಎಸ್‌ಟಿ 331.20, ಒಟ್ಟು 2,171.20. ಉಳಿದದ್ದು 1,06,388.80. ಕ್ರೆಡಿಟ್ ನೋಟ್‌ನ ತೆರಿಗೆ ಜುಲೈ ತಿಂಗಳ ರಿಟರ್ನ್‌ನಲ್ಲಿ ಕಳೆಯುತ್ತದೆ, ಗಿರಾಕಿಯೂ ತನ್ನ ಕ್ರೆಡಿಟ್ ಅನ್ನು ಅಷ್ಟು ಇಳಿಸಿಕೊಳ್ಳಬೇಕು. ತಾಳೆಯಾದ ಬಿಲ್ ಮುಂದಿನ ಶುಕ್ರವಾರದ ಪಟ್ಟಿಗೆ ಸೇರಿತು, ಜುಲೈ 25ಕ್ಕೆ ಹಣ ಜಮಾ ಆಯಿತು. ಟ್ಯಾಲಿಯಲ್ಲಿ ಅದನ್ನು ಬಿಲ್ 47ಕ್ಕೇ ಹೊಂದಿಸಿದರು, ಕ್ರೆಡಿಟ್ ನೋಟನ್ನೂ ಅದೇ ಬಿಲ್‌ಗೆ ಕಟ್ಟಿದರು. ಹಾಗೆ ಮಾಡದಿದ್ದರೆ 2,171 ರೂಪಾಯಿ 20 ಪೈಸೆ ಬಾಕಿ ಪಟ್ಟಿಯಲ್ಲಿ ಉಳಿದು, ಮುಂದಿನ ತಿಂಗಳು ಯಾರೋ ಅದಕ್ಕೊಂದು ನೆನಪೋಲೆ ಬರೆಯುತ್ತಿದ್ದರು.

ಎಲ್ಲ ಉತ್ತರವೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ತಾರೀಖು ಕೊಟ್ಟರೆ, ‘25ಕ್ಕೆ ಪಾವತಿ ಎಂದು ಬರೆದುಕೊಂಡಿದ್ದೇವೆ, ಧನ್ಯವಾದ’ ಎಂದು ಒಂದು ಸಾಲು ಮರಳಿ ಬರೆದಿಡಬೇಕು, ಆಗ ಅದು ಇಬ್ಬರ ಮಾತಾಗುತ್ತದೆ. ‘ಮುಂದಿನ ವಾರ ಮಾಡುತ್ತೇವೆ’ ಎಂದರೆ ಅದು ತಾರೀಖಲ್ಲ. ಯಾವ ದಿನ ಎಂದು ಅಷ್ಟೇ ಸೌಮ್ಯವಾಗಿ ಮತ್ತೆ ಕೇಳಬೇಕು. ಹೊಸ ತಕರಾರನ್ನು ಎತ್ತಿದರೆ, ಅದರ ಬಗ್ಗೆ ಅವರು ಆಗ ಬರೆದ ಚೀಟಿಯ ಪ್ರತಿ ಕೇಳಬೇಕು. ನಿಜವಾದ ತಕರಾರಿಗೆ ಹಳೆಯ ತಾರೀಖಿನ ಕಾಗದ ಇರುತ್ತದೆ, ನೆಪಕ್ಕೆ ಇರುವುದು ಕಡಿಮೆ. ಬಾಕಿ ಇರುವುದು ನಿಜ ಎಂದು ಅವರು ಸಹಿಯೊಂದಿಗೆ ಬರೆದ ಉತ್ತರವನ್ನು ಜೋಪಾನವಾಗಿಡಬೇಕು. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ನಾವು ಎಷ್ಟು ನೆನಪೋಲೆ ಬರೆದರೂ ಆ ಅವಧಿ ಒಂದು ದಿನವೂ ಮುಂದೆ ಹೋಗುವುದಿಲ್ಲ. ಅವಧಿಯೊಳಗೆ ಸಾಲಗಾರ ಸಹಿ ಮಾಡಿ ಒಪ್ಪಿಕೊಂಡ ಬರಹದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ.

ಉತ್ತರವೇ ಬಾರದಿದ್ದರೆ, ಫೋನಿಗೂ ‘ನೋಡುತ್ತೇವೆ’ ಎಂಬುದಷ್ಟೇ ಬಂದರೆ, ಹತ್ತು ಹನ್ನೆರಡು ದಿನ ಬಿಟ್ಟು ಎರಡನೇ ಪತ್ರ ಹೋಗಬೇಕು. ಅದರಲ್ಲಿ ಮೊದಲ ಪತ್ರದ ದಿನಾಂಕ ಇರುತ್ತದೆ, ‘ಗಡಿಬಿಡಿಯಲ್ಲಿ ತಪ್ಪಿಹೋಗಿರಬಹುದು’ ಎಂಬ ಮಾತು ಇರುವುದಿಲ್ಲ. ಕೇಳುವುದೂ ಉತ್ತರವನ್ನಲ್ಲ, ಇಂಥ ತಾರೀಖಿಗೆ ಹಣವನ್ನು. ಕಾಯ್ದೆಯ ಬಡ್ಡಿಯನ್ನು ಹೆಸರಿಸಲು ಅದು ಸರಿಯಾದ ಜಾಗ. ಉದ್ದಿಮೆದಾರರ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುವ ಮಾತು ಅದಕ್ಕೂ ಆಮೇಲಿನದು. ಅಲ್ಲಿಗೆ ಹೋಗಬೇಕಾಗಿ ಬಂದರೂ ಜುಲೈ 16ರ ಆ ಮೊದಲ ಪತ್ರ ಕಡತದಲ್ಲಿ ಮೇಲೆ ಇರುತ್ತದೆ: ಬಿಲ್ ಸಂಖ್ಯೆ, ವಾಯಿದೆ, ಸಹಿಯಾದ ಚಲನ್, ತಕರಾರಿದ್ದರೆ ತಿಳಿಸಿ ಎಂದು ಕೇಳಿದ ವಾಕ್ಯ, ಅದಕ್ಕೆ ಉತ್ತರ ಬಾರದೆ ಹೋದ ದಿನಗಳು.